ತೋಡಿಯ ಗಾಂಧಾರ ಬರೆಯಲು ಸ್ಟಾಫ್ ನೊಟೇಶನ್ನೋ, ಸರಿಗಮವೋ?

ದಾವಣಗೆರೆಯಲ್ಲಿ ನನ್ನ ಹತ್ತಿರ ಪಿಟೀಲು ಕಲಿಯುವ ಹುಡುಗಿಯೊಬ್ಬಳು ಕೀಬೋರ್ಡ್ ಕ್ಲಾಸಿಗೂ ಹೋಗುತ್ತಾಳೆ. ತೋಡಿ ರಾಗದ ವರ್ಣವನ್ನು ಐದು ಗೆರೆಗಳ ಸ್ಟಾಫ್ ನೊಟೇಶನ್ನಿನಲ್ಲಿ ಬರೆದುಕೊಳ್ಳಲೋ, ಸರಿಗಮದಲ್ಲೋ ಎಂದು ಕೇಳಿದಳು.

ಷಡ್ಜವನ್ನು ಸಿ ಎಂದು ಹಿಡಿದರೆ ತೋಡಿಯ ಗಾಂಧಾರ ಐದು ಗೆರೆಗಳ ಮೇಲೆ ಇ ಫ್ಲ್ಯಾಟ್. ಆದರೆ ಹಾಡುವಾಗ ಅದು ಅಲ್ಲಿ ನಿಲ್ಲುವುದೇ ಇಲ್ಲ, ಅಲ್ವಾ? ರಿಷಭದ ಕಡೆಯಿಂದ ಮಧ್ಯಮದವರೆಗೆ ತೂಗುತ್ತದೆ. ಒಂದೇ ಚಿಹ್ನೆ ಬರೆದರೆ ಸ್ವರ ಸಪ್ಪೆ. ಪ್ರತಿ ತೂಗಾಟವನ್ನೂ ಬರೆದರೆ ಪುಟ ತುಂಬಾ ಚುಕ್ಕೆ, ಓದಿ ನುಡಿಸಲು ಆಗುವುದಿಲ್ಲ.

ಸರಿಗಮದಲ್ಲಿ ಬರೀ 'ಗಾ' ಸಾಕು. ಶ್ರುತಿ ಒಂದು ಮನೆಯಿಂದ ಐದಕ್ಕೆ ಹೋದರೂ ಬರಹ ಬದಲಾಗದು. ಆದರೆ ಆ 'ಗಾ'ದಲ್ಲೂ ಆ ತೂಗಾಟ, ಅಂದರೆ ಗಮಕ, ಇಲ್ಲ. ಯಾವ ಗಾಂಧಾರ ಎನ್ನುವುದೂ ಮೇಲಿರುವ ರಾಗದ ಹೆಸರಿನಿಂದಲೇ ಗೊತ್ತಾಗಬೇಕು. ತೋಡಿ ಕೇಳದವರು ಸುಮ್ನೆ ನೆಟ್ಟಗೆ ಹಾಡಿಬಿಡುತ್ತಾರೆ.

ಜೆರಾಕ್ಸ್ ಮಾಡಿಸಿದರೆ ಇನ್ನೊಂದು ತಾಪತ್ರಯ. ಸ್ಥಾಯಿಯ ಚುಕ್ಕೆ, ಅಲ್ಪವಿರಾಮ ಮಾಯ. ಅಲ್ಪವಿರಾಮ ಅಂದರೆ ಒಂದು ಅಕ್ಷರ ಕಾಲ. ಎಂಟು ಏಟಿನ ಆದಿತಾಳದಲ್ಲಿ ಏಟಿಗೆ ನಾಲ್ಕರಂತೆ ಬರೆದಿದ್ದರೆ ಆವರ್ತಕ್ಕೆ 32 ಬರಬೇಕು. 31 ಬಂದರೆ ಒಂದು ಬಿಟ್ಟುಹೋಗಿದೆ. ಸ್ಟಾಫಿನಲ್ಲಿ ಎತ್ತರ, ಕಾಲ ಎರಡೂ ಚಿಹ್ನೆಯಲ್ಲೇ ಇರುವುದರಿಂದ ಈ ಕಾಟ ಕಡಿಮೆ.

ಅವಳಿಗೆ ಸರಿಗಮವನ್ನೇ ಹೇಳಿದೆ. ಗಾಂಧಾರದ ಮೇಲೆ ಅಲೆಯ ಗೆರೆ ಎಳೆದುಕೊಂಡು, ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು.