ಮೂರು ಬಿಂದು, ಒಂದು ಸಮತಲ: ಯಾವ ದಾರಿ ಹಿಡಿಯೋಣ?

ರಾಯಚೂರಿನಲ್ಲಿ ಸಿಇಟಿಗೆ ಓದುತ್ತಿರುವ ನನ್ನ ತಂಗಿ ಮೂರು ಬಿಂದು ಕೊಟ್ಟರೆ ಸಾಕು, ax + by + cz = 1 ಅಂತ ಬರೆದು ಮೂರು ಸಮೀಕರಣ ಬಿಡಿಸೋಕೆ ಕೂರುತ್ತಾಳೆ. ನಾನು ಹೇಳೋದು ವೆಕ್ಟರ್ ದಾರಿ.

A(1,1,0), B(2,3,2), C(3,2,−2) ತೆಗೆದುಕೊಳ್ಳಿ. ಅವಳ ದಾರಿಯಲ್ಲಿ A ಇಂದ a + b = 1 ಬರುತ್ತದೆ. B ಮತ್ತು C ಸಮೀಕರಣ ಕೂಡಿಸಿದರೆ 5a + 5b = 2. ಎರಡೂ ನಿಜವಾಗೋಕೆ ಆಗಲ್ಲ, ಅಲ್ವಾ? ಲೆಕ್ಕ ತಪ್ಪಿಲ್ಲ. ಈ ಸಮತಲ ಮೂಲಬಿಂದುವಿನ ಮೂಲಕ ಹೋಗುತ್ತದೆ. ಅಂಥ ಕಡೆ ಬಲಗಡೆ 1 ಬರೋದೇ ಇಲ್ಲ.

ವೆಕ್ಟರ್ ದಾರಿಗೆ ಈ ತೊಂದರೆ ಇಲ್ಲ. AB = (1,2,2), AC = (2,1,−2). ಇವುಗಳ ಕ್ರಾಸ್ ಪ್ರಾಡಕ್ಟ್ (−6,6,−3). −3 ರಿಂದ ಭಾಗಿಸಿದರೆ ಲಂಬ ವೆಕ್ಟರ್ (2,−2,1). A ಯನ್ನು ಹಾಕಿದರೆ ಸಮೀಕರಣ 2x − 2y + z = 0. ಮಧ್ಯದ ಅಂಶದ ಚಿಹ್ನೆ ಜಾಸ್ತಿ ತಪ್ಪುವುದರಿಂದ B, C ಗಳನ್ನೂ ಹಾಕಿ ನೋಡಿ, ಸೊನ್ನೆಯೇ ಬರಬೇಕು.

ಬೇರೊಂದು ಬಿಂದುವಿನಿಂದ ಈ ಸಮತಲಕ್ಕೆ ಎಷ್ಟು ದೂರ ಅಂತ ನೋಡೋಕೂ ಇದೇ ವೆಕ್ಟರ್ ಸಾಕು. ಸಮೀಕರಣದ ಎಡಗಡೆ P(4,−1,2) ಹಾಕಿದರೆ 8 + 2 + 2 = 12. ವೆಕ್ಟರ್‌ನ ಉದ್ದ √(4+4+1) = 3. ದೂರ 12 ÷ 3 = 4.

ಕ್ರಾಸ್ ಪ್ರಾಡಕ್ಟ್ (0,0,0) ಬಂದರೆ ಮೂರೂ ಬಿಂದು ಒಂದೇ ಗೆರೆಯಲ್ಲಿವೆ. ಆಗ ಸಮತಲ ಒಂದೇ ಅಂತ ಇರಲ್ಲ, ಮುಂದೆ ಬಿಡಿಸಬೇಡಿ.