ಎರಡು ವರ್ಷ ಒಂದೇ ಪೆನ್: ಟ್ಯಾಬ್ಲೆಟ್‌ನ ಒತ್ತಡವನ್ನು ತೂಕ ಹಾಕಿ ನೋಡಿದ್ದು

ಎರಡು ವರ್ಷದಿಂದ ಒಂದೇ ಟ್ಯಾಬ್ಲೆಟ್‌ನಲ್ಲಿ ದಿನಕ್ಕೆ ನಾಲ್ಕೈದು ಗಂಟೆ ಚಿತ್ರ ಬಿಡಿಸುತ್ತಿದ್ದೇನೆ. ಮಧ್ಯಮ ಗಾತ್ರದ್ದು, ಪರದೆ ಇಲ್ಲದ್ದು, ಕಂಪ್ಯೂಟರ್‌ಗೆ ವೈರ್ ಹಾಕಿ ಬಳಸುವಂಥದ್ದು, ಪೆನ್ನಿಗೆ ಬ್ಯಾಟರಿ ಬೇಡ. ಕಂಪನಿ ಹೆಸರು ಹೇಳುತ್ತಿಲ್ಲ, ಏಕೆಂದರೆ ಇಲ್ಲಿ ಬರೆಯುತ್ತಿರುವುದು ಇಂಥ ಯಾವುದೇ ಪೆನ್ನಿಗೂ ಹೊಂದುತ್ತದೆ. ಟ್ಯಾಬ್ಲೆಟ್ ಚೆನ್ನಾಗಿದೆ, ಇನ್ನೂ ಇದರಲ್ಲೇ ಕೆಲಸ ಮಾಡುತ್ತೇನೆ. ಆದರೆ ಮೊದಲ ಆರು ತಿಂಗಳು ಇದು ನನ್ನ ಕೈಗೆ ಹೊಂದಿರಲಿಲ್ಲ. ಕಾರಣ ಟ್ಯಾಬ್ಲೆಟ್ ಅಲ್ಲ, ನಾನು ಹಾಗೇ ಬಿಟ್ಟಿದ್ದ ಸೆಟ್ಟಿಂಗ್.

ಡಬ್ಬಿಯ ಮೇಲೆ 8192 ಹಂತದ ಒತ್ತಡ ಅಂತ ದೊಡ್ಡದಾಗಿ ಬರೆದಿತ್ತು. ಕೊಳ್ಳುವಾಗ ನಾನೂ ಅದನ್ನೇ ನೋಡಿದ್ದೆ. ಈಗ ನೋಡುವುದಿಲ್ಲ. ಎಂಟು ಬಿಟ್‌ನ ಚಿತ್ರದಲ್ಲಿ ಒಂದು ಬಣ್ಣದ ಚಾನೆಲ್‌ಗೆ ಇರುವುದೇ 256 ಹಂತ. 2048 ಹಂತದ ಹಳೆಯ ಪೆನ್ನೂ ಅದಕ್ಕೆ ಧಾರಾಳವಾಗಿ ಸಾಕು. ಕೈಗೆ ಗೊತ್ತಾಗುವುದು ಬೇರೆ ಎರಡು ವಿಷಯ. ಎಷ್ಟು ಹಗುರವಾಗಿ ಮುಟ್ಟಿದರೆ ಗೆರೆ ಶುರುವಾಗುತ್ತದೆ, ಎಷ್ಟು ಒತ್ತಿದರೆ ಪೂರ್ತಿ ದಪ್ಪ ಬರುತ್ತದೆ. ಈ ಎರಡನ್ನೂ ಡಬ್ಬಿಯ ಮೇಲೆ ಯಾರೂ ಹಾಕಿರಲಿಲ್ಲ.

ನನಗೆ ತೊಂದರೆ ಕಂಡದ್ದು ಹೆಬ್ಬೆರಳಿನಲ್ಲಿ. ದಪ್ಪ ಗೆರೆ ಎಳೆದು ಎಳೆದು ಸಂಜೆ ಹೊತ್ತಿಗೆ ಬೆರಳಿನ ಬುಡ ನೋಯುತ್ತಿತ್ತು. ಬ್ರಷ್ ಗಾತ್ರ 20 ಪಿಕ್ಸೆಲ್ ಇಟ್ಟರೂ ಗೆರೆ 12 ಪಿಕ್ಸೆಲ್ ದಾಟುತ್ತಲೇ ಇರಲಿಲ್ಲ. ಪೂರ್ತಿ 20 ಬೇಕೆಂದರೆ ಪೆನ್ನನ್ನು ಟ್ಯಾಬ್ಲೆಟ್‌ಗೆ ಚುಚ್ಚುವ ಹಾಗೆ ಒತ್ತಬೇಕಿತ್ತು. ಕೊನೆಗೆ ಒಂದು ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿ ತಂದು ಅಳತೆ ಮಾಡಿದೆ.

ಇದನ್ನು ಯಾರು ಬೇಕಾದರೂ ಮಾಡಬಹುದು. ಮೊದಲು ಡ್ರೈವರ್‌ನಲ್ಲಿ ಒತ್ತಡದ ಕರ್ವ್ ಅನ್ನು, ಅಂದರೆ ಎಷ್ಟು ಒತ್ತಿದರೆ ಎಷ್ಟು ದಪ್ಪ ಬರಬೇಕು ಅಂತ ಹೇಳುವ ಗೆರೆಯನ್ನು, ನೇರ ಗೆರೆಗೆ ತಂದುಬಿಡಿ. ಟ್ಯಾಬ್ಲೆಟ್ ಅನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ವೈರ್ ಜೋತುಬಿದ್ದು ಎಳೆಯದ ಹಾಗೆ ಸ್ವಲ್ಪ ಸಡಿಲ ಬಿಟ್ಟು ಮೇಜಿಗೆ ಟೇಪ್ ಹಚ್ಚಿ, ಇಲ್ಲದಿದ್ದರೆ ಅದೇ ಹತ್ತಿಪ್ಪತ್ತು ಗ್ರಾಂ ತಪ್ಪು ತೋರಿಸುತ್ತದೆ. ಆಮೇಲೆ Krita ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂ ತೆರೆದು Configure Krita ಒಳಗೆ Tablet settings ಗೆ ಹೋಗಿ. ಅಲ್ಲಿ Tablet Tester ಇದೆ. ಪೆನ್ ಮುಟ್ಟಿಸಿದರೆ P= ಎಂದು ಒತ್ತಡವನ್ನು ಶೇಕಡಾ ಲೆಕ್ಕದಲ್ಲಿ ಬರೆಯುತ್ತದೆ. ಅಂಗೈ ಟ್ಯಾಬ್ಲೆಟ್‌ಗೆ ತಾಗಬಾರದು. ಪೆನ್ನನ್ನು ನೆಟ್ಟಗೆ ಹಿಡಿದು ನಿಧಾನವಾಗಿ ಒತ್ತಿ, ತಕ್ಕಡಿ ಒಂದು ಅಂಕಿಯಲ್ಲಿ ನಿಂತ ಮೇಲೆ ಎರಡನ್ನೂ ಬರೆದುಕೊಳ್ಳಿ.

ನನ್ನ ಪೆನ್ನಿಗೆ ಬಂದದ್ದು ಹೀಗೆ. ಗೆರೆ ಶುರುವಾಗುವುದು 5 ಗ್ರಾಂಗೆ. 50 ಗ್ರಾಂಗೆ ಶೇ. 18, 100 ಗ್ರಾಂಗೆ ಶೇ. 34, 200 ಗ್ರಾಂಗೆ ಶೇ. 61. ಪೂರ್ತಿ ನೂರು ಮುಟ್ಟಲು 420 ಗ್ರಾಂ ಬೇಕಾಯಿತು. ಆಮೇಲೆ ತಕ್ಕಡಿಯ ಅಂಕಿ ನೋಡದೆ, ಸುಮ್ನೆ ದಿನವೂ ಒತ್ತುವ ಹಾಗೆ ದಪ್ಪ ಗೆರೆಗೆ ಒತ್ತಿದೆ. ಮೂರು ಸಲವೂ 200ರ ಆಸುಪಾಸು. ಅಂದರೆ ನನ್ನ ಕೈಯ ಪೂರ್ತಿ ಬಲ ಪೆನ್ನಿನ ಲೆಕ್ಕದಲ್ಲಿ ಶೇ. 61. 20 ಪಿಕ್ಸೆಲ್‌ನಲ್ಲಿ ಶೇ. 61 ಎಂದರೆ 12 ಪಿಕ್ಸೆಲ್. ಅಲ್ಲಿಗೆ ಗುಟ್ಟು ಬಯಲಾಯಿತು.

ಪರಿಹಾರ ಸುಲಭ ಅನ್ನಿಸಿತು. ಡ್ರೈವರ್‌ನ ಕರ್ವ್‌ನಲ್ಲಿ ಮೇಲಿನ ಬಲತುದಿಯನ್ನು ಎಡಕ್ಕೆ ಎಳೆದು, ಶೇ. 60 ಒತ್ತಿದರೆ ಪೂರ್ತಿ ನೂರು ಬರುವ ಹಾಗೆ ಮಾಡಿದೆ. ದಪ್ಪ ಗೆರೆ ಆರಾಮಾಗಿ ಬಂತು. ಆದರೆ ಸಣ್ಣ ಗೆರೆಗಳು ಕೆಟ್ಟುಹೋದವು. ಕೂದಲಿನ ಎಳೆ ಬಿಡಿಸಲು ಹೋದರೆ ಹಗ್ಗದ ಹಾಗೆ ಬರುತ್ತಿತ್ತು. ಯಾಕೆಂದರೆ ತುದಿಯನ್ನು ಎಳೆದಾಗ ಇಡೀ ಗೆರೆ ಕಡಿದಾಗುತ್ತದೆ. ಮೊದಲು 50 ಗ್ರಾಂಗೆ 18 ಕೊಡುತ್ತಿದ್ದದ್ದು ಈಗ 30 ಕೊಡುತ್ತದೆ. ನನಗೆ ಬದಲಾಗಬೇಕಿದ್ದದ್ದು ಮೇಲಿನ ತುದಿ ಮಾತ್ರ.

ಹಾಗಾಗಿ ನಡುವಿನ ಬಿಂದುವನ್ನು ಕೆಳಕ್ಕೆ ಬಾಗಿಸಿದೆ. ಹಗುರ ಕೈಗೆ ಹಳೆಯ ಲೆಕ್ಕವೇ ಉಳಿಯಬೇಕು, ಆಮೇಲೆ ಏರಬೇಕು. 18 ಒಳಗೆ ಹೋದರೆ 20 ಹೊರಗೆ, 34 ಹೋದರೆ 48, 60 ಹೋದರೆ 100. ಇಷ್ಟಕ್ಕೆ ತರಲು ಒಂದು ವಾರ ಹಿಡಿಯಿತು. ದಿನಕ್ಕೆ ಒಂದೇ ಸಲ, ಸ್ವಲ್ಪವೇ ಬದಲಿಸಿ ಕೆಲಸ ಮಾಡಿ ನೋಡುತ್ತಿದ್ದೆ. ಐದು ನಿಮಿಷ ಗೀಚಿ ತೀರ್ಮಾನಿಸಿದರೆ ಕೈ ಮೋಸ ಮಾಡುತ್ತದೆ, ಅದು ಬೇಗ ಹೊಂದಿಕೊಂಡುಬಿಡುತ್ತದೆ. ಹೀಗೆ ಮೇಲಿನ ಭಾಗ ಬಿಟ್ಟುಕೊಟ್ಟರೆ ಹಂತ ಕಡಿಮೆ ಆಗಲ್ವಾ ಅಂತ ಒಬ್ಬ ಗೆಳೆಯ ಕೇಳಿದ. ಆಗುತ್ತದೆ. 8192ರಲ್ಲಿ ಶೇ. 60 ಎಂದರೆ ಸುಮಾರು 4900 ಉಳಿಯಿತು. ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ.

ಒಂದು ಮಾತು ಇಲ್ಲಿ ಒತ್ತಿ ಹೇಳಬೇಕು. ಒತ್ತಡದ ಕರ್ವ್ ಮೂರು ಕಡೆ ಇರುತ್ತದೆ: ಡ್ರೈವರ್‌ನಲ್ಲಿ, ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ, ಪ್ರತಿ ಬ್ರಷ್‌ನಲ್ಲಿ. ಒಂದರ ಮೇಲೊಂದು ಸೇರುತ್ತಾ ಹೋಗುತ್ತವೆ. ಡ್ರೈವರ್‌ನಲ್ಲಿ ಮೃದು ಮಾಡಿ, Krita ಒಳಗಿನ Input Pressure Global Curve ನಲ್ಲೂ ಮೃದು ಮಾಡಿದರೆ ಮುಟ್ಟಿದ ಕೂಡಲೇ ದಪ್ಪ ಗೆರೆ. ನಾನು ಕೈಯ ಲೆಕ್ಕವನ್ನು ಡ್ರೈವರ್‌ನಲ್ಲಿ ಮಾತ್ರ ಸರಿಮಾಡುತ್ತೇನೆ. ಪ್ರೋಗ್ರಾಂನದ್ದು ನೇರ ಗೆರೆ. ಬ್ರಷ್‌ನ ಕರ್ವ್ ಆ ಬ್ರಷ್‌ನ ಗುಣಕ್ಕೆ ಸೇರಿದ್ದು, ಅದನ್ನು ಮುಟ್ಟುವುದಿಲ್ಲ. ಕೆಲವು ಡ್ರೈವರ್‌ಗಳಲ್ಲಿ ಮೃದು, ಗಟ್ಟಿ ಅಂತ ಒಂದೇ ಸ್ಲೈಡರ್ ಇರುತ್ತದೆ, ಬಾಗಿಸಲು ಬರುವುದಿಲ್ಲ. ಆಗ ಅದನ್ನು ನಡುವಿಗೆ ಬಿಟ್ಟು ಪ್ರೋಗ್ರಾಂನಲ್ಲಿ ಸರಿಮಾಡಿಕೊಳ್ಳುವುದೇ ವಾಸಿ.

ಟ್ಯಾಬ್ಲೆಟ್‌ನ ಜಾಗವನ್ನು ಪರದೆಗೆ ಹೊಂದಿಸುವ ಕೆಲಸವೂ ಇದೆ, ಅದು ಚಿಕ್ಕದು. ನನ್ನದರ ಅಳತೆ 254 × 159 ಮಿಲಿಮೀಟರ್, ಪರದೆ 16:9. ಹಾಗೇ ಬಿಟ್ಟಾಗ, ಟ್ಯಾಬ್ಲೆಟ್ ಮೇಲೆ ಡಬ್ಬಿಯ ಮುಚ್ಚಳ ಇಟ್ಟು ಸುತ್ತ ಗೆರೆ ಎಳೆದರೆ ಪರದೆಯಲ್ಲಿ ಅಡ್ಡ ಮೊಟ್ಟೆ ಬಂತು. ಎತ್ತರವನ್ನು 143ಕ್ಕೆ ಇಳಿಸಿದೆ, ದುಂಡಗಾಯಿತು. ಕೆಳಗೆ 16 ಮಿಲಿಮೀಟರ್ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಇರಲಿ.

ಇಪ್ಪತ್ತನೇ ತಿಂಗಳಿಗೆ ಹೊಸ ತೊಂದರೆ ಬಂತು. ಗೆರೆಯ ಶುರು ಕಾಣೆಯಾಗತೊಡಗಿತು. ಕಣ್ಣಿನ ರೆಪ್ಪೆ ಬಿಡಿಸುವಾಗ ಚೂಪಾಗಿ ಶುರುವಾಗಬೇಕಾದ ಗೆರೆ ಸ್ವಲ್ಪ ಮುಂದೆ ಹೋಗಿ ತಟ್ಟನೆ ಬೀಳುತ್ತಿತ್ತು. ಕರ್ವ್‌ನ ಕೆಳಭಾಗವನ್ನು ಎತ್ತಿ ನೋಡಿದೆ. ಇನ್ನೂ ಕೆಟ್ಟಿತು, ಶುರುವಿನಲ್ಲೇ ಚುಕ್ಕೆ ಬರತೊಡಗಿತು. ಮತ್ತೆ ತಕ್ಕಡಿ ತಂದೆ. 5 ಗ್ರಾಂಗೆ ಶುರುವಾಗುತ್ತಿದ್ದದ್ದು ಈಗ 17 ಗ್ರಾಂ ಕೇಳುತ್ತಿತ್ತು. ಅದರ ಕೆಳಗೆ ಪೆನ್ ಏನನ್ನೂ ಕಳಿಸುತ್ತಲೇ ಇಲ್ಲ. ಕಳಿಸದೇ ಇದ್ದದ್ದನ್ನು ಯಾವ ಕರ್ವ್ ಕೂಡ ಹುಟ್ಟಿಸಲಾರದು.

ತಕ್ಕಡಿ ಇಲ್ಲದೆಯೂ ಇದನ್ನು ಕಂಡುಹಿಡಿಯಬಹುದು. ನನ್ನ ಪೆನ್ನಿನ ತೂಕ 13 ಗ್ರಾಂ. ಅದನ್ನು ಟ್ಯಾಬ್ಲೆಟ್ ಮೇಲೆ ನೆಟ್ಟಗೆ ನಿಲ್ಲಿಸಿ, ಬೀಳದ ಹಾಗೆ ಎರಡು ಬೆರಳನ್ನು ಉಂಗುರದಂತೆ ಸುತ್ತ ಹಿಡಿದು, ಒತ್ತದೆ ನಿಧಾನವಾಗಿ ಸರಿಸುತ್ತೇನೆ. ಹೊಸದಿದ್ದಾಗ ಪೆನ್ನಿನ ಸ್ವಂತ ಭಾರಕ್ಕೇ ತೆಳ್ಳಗಿನ ಗೆರೆ ಬೀಳುತ್ತಿತ್ತು. ಈಗ ಬೀಳುತ್ತಿರಲಿಲ್ಲ.

ನಿಬ್ ಎಳೆದು ನೋಡಿದರೆ ಅದರ ಮೈಗೆ ಬೂದು ಬಣ್ಣದ ನುಣ್ಣನೆ ಪುಡಿ ಮೆತ್ತಿಕೊಂಡಿತ್ತು. ಕಾಗದದ ಹಾಗೆ ಒರಟಾಗಿರಲಿ ಅಂತ ಟ್ಯಾಬ್ಲೆಟ್ ಮೇಲೆ ಒಂದು ಶೀಟ್ ಅಂಟಿಸಿದ್ದೆ. ಅದು ನಿಬ್ ಅನ್ನು ತೇಯ್ದು, ಆ ಪುಡಿ ರಂಧ್ರದೊಳಗೆ ಸೇರಿ ನಿಬ್ ಸಲೀಸಾಗಿ ಹಿಂದೆಮುಂದೆ ಸರಿಯಲು ಬಿಡುತ್ತಿರಲಿಲ್ಲ. ಪೆನ್ನನ್ನು ರಂಧ್ರ ಕೆಳಗೆ ಬರುವ ಹಾಗೆ ಹಿಡಿದು ಬೆರಳಿನಿಂದ ತಟ್ಟಿ ಪುಡಿ ಬೀಳಿಸಿದೆ. ಒಣ ಬಟ್ಟೆಯಲ್ಲಿ ಒರೆಸಿ ಹೊಸ ನಿಬ್ ಹಾಕಿದೆ. ನೀರು, ಎಣ್ಣೆ ಏನೂ ಹಾಕಲಿಲ್ಲ, ಒಳಗೆ ಸೆನ್ಸರ್ ಇದೆ. ಮತ್ತೆ ಅಳೆದಾಗ 6 ಗ್ರಾಂ. ಶೀಟ್ ಅವತ್ತೇ ಕಿತ್ತುಹಾಕಿದೆ. ಇದರ ಉಲ್ಟಾ ತೊಂದರೆಯೂ ಬರುತ್ತದೆ: ಮುಟ್ಟದೆಯೇ ಗೆರೆ ಬೀಳುವುದು. ಆಗ ನಿಬ್ ತೆಗೆದು, ಬರೀ ಪೆನ್ನನ್ನು ಟ್ಯಾಬ್ಲೆಟ್ ಹತ್ತಿರ ತನ್ನಿ. ಗೆರೆ ನಿಂತರೆ ನಿಬ್ ಸಿಕ್ಕಿಕೊಂಡಿತ್ತು ಅಂತ ಅರ್ಥ. ನಿಲ್ಲದಿದ್ದರೆ ಸೆನ್ಸರ್ ಹೋಗಿದೆ, ಹೊಸ ಪೆನ್ನೇ ಬೇಕು.

ಇನ್ನು ಡ್ರೈವರ್. ಎರಡು ವರ್ಷದಲ್ಲಿ ನನಗೆ ನಿಜವಾಗಿ ಬೇಜಾರು ತರಿಸಿದ್ದು ಇದೊಂದೇ. ಒಂದು ಅಪ್‌ಡೇಟ್ ಆದ ಮರುದಿನ ಒತ್ತಡವೇ ಮಾಯ. ಕರ್ಸರ್ ಓಡುತ್ತದೆ, ಗೆರೆ ಬೀಳುತ್ತದೆ, ಆದರೆ ಎಲ್ಲ ಒಂದೇ ದಪ್ಪ. ಪೆನ್ ಕೆಟ್ಟಿತು ಅಂದುಕೊಂಡೆ. Tablet Tester ತೆರೆದು ನೋಡಿದರೆ Stylus ಎಂದು ಬರಬೇಕಾದ ಕಡೆ ಬರೀ Mouse ಎಂದು ಬರುತ್ತಿತ್ತು. ಪೆನ್ ಚೆನ್ನಾಗಿಯೇ ಇದೆ, ಪ್ರೋಗ್ರಾಂಗೆ ಅದು ಮೌಸ್ ಆಗಿ ಕಾಣುತ್ತಿದೆ, ಅಷ್ಟೇ.

ವಿಂಡೋಸ್‌ನಲ್ಲಿ ಪೆನ್ನಿನ ಮಾತು ಎರಡು ದಾರಿಯಲ್ಲಿ ಬರುತ್ತದೆ. ಒಂದು ಹಳೆಯ WinTab, ಇನ್ನೊಂದು Windows Ink. ಡ್ರೈವರ್ ಒಂದು ದಾರಿಯಲ್ಲಿ ಕಳಿಸಿ ಪ್ರೋಗ್ರಾಂ ಇನ್ನೊಂದರಲ್ಲಿ ಕಾಯುತ್ತಿದ್ದರೆ ಒತ್ತಡ ಸಿಗುವುದಿಲ್ಲ. ಎರಡೂ ಕಡೆ ಒಂದೇ ಆಯ್ಕೆ ಇರಬೇಕು. ನಾನು ಡ್ರೈವರ್‌ನಲ್ಲಿ Windows Ink ತೆಗೆದು Krita ದಲ್ಲಿ WinTab ಆರಿಸಿದೆ. Photoshop ಗೆ ಅದರ ಸೆಟ್ಟಿಂಗ್ಸ್ ಫೋಲ್ಡರ್‌ನಲ್ಲಿ PSUserConfig.txt ಎಂಬ ಫೈಲ್ ಮಾಡಿ ಇಷ್ಟು ಬರೆಯಬೇಕು:

```
# Use WinTab
UseSystemStylus 0
```

ಇಷ್ಟಾದರೂ ನನಗೆ ಸರಿಹೋಗಲಿಲ್ಲ. ಬೇರೆ ಕಂಪನಿಯ ಹಳೆಯ ಟ್ಯಾಬ್ಲೆಟ್‌ನ ಡ್ರೈವರ್ ಕಂಪ್ಯೂಟರ್‌ನಲ್ಲಿ ಇನ್ನೂ ಉಳಿದಿತ್ತು. ಎರಡೂ ಡ್ರೈವರ್‌ಗಳು Wintab32.dll ಎಂಬ ಒಂದೇ ಹೆಸರಿನ ಫೈಲ್ ಇಡುತ್ತವೆ, ಒಂದು ಇನ್ನೊಂದರದ್ದನ್ನು ಅಳಿಸಿ ಕೂರುತ್ತದೆ. ಟ್ಯಾಬ್ಲೆಟ್ ಕಳಚಿ, ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿದೆ. System32 ಮತ್ತು SysWOW64 ಫೋಲ್ಡರ್‌ಗಳಲ್ಲಿ ಆ ಫೈಲ್ ಇನ್ನೂ ಇತ್ತು, ಅಳಿಸಿದೆ. ಅದು ವಿಂಡೋಸ್‌ನದ್ದಲ್ಲ, ಹಾಗಾಗಿ ಭಯವಿಲ್ಲ. ಆಮೇಲೆ ಈ ಟ್ಯಾಬ್ಲೆಟ್‌ನ ಡ್ರೈವರ್ ಒಂದನ್ನೇ ಹಾಕಿದೆ. Stylus ಅಂತ ಬಂತು. ಆದರೆ ಒಂದು ವಾರ ಕೂತು ಬಾಗಿಸಿದ್ದ ಕರ್ವ್ ಹೋಗಿತ್ತು. ಅಂಕಿಗಳನ್ನು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ, ಹತ್ತು ನಿಮಿಷದಲ್ಲಿ ವಾಪಸ್ ತಂದೆ. ಈಗ ಡ್ರೈವರ್‌ನಲ್ಲಿ ಸೆಟ್ಟಿಂಗ್ ಎಕ್ಸ್‌ಪೋರ್ಟ್ ಮಾಡಿ ಒಂದು ಪ್ರತಿ ಇಟ್ಟುಕೊಂಡಿದ್ದೇನೆ. ಕೈಯಲ್ಲಿ ಕೆಲಸ ಇರುವಾಗ ಅಪ್‌ಡೇಟ್ ಒತ್ತುವುದಿಲ್ಲ.

ಸದ್ಯಕ್ಕೆ ಪೆನ್ 6 ಗ್ರಾಂಗೆ ಶುರುವಾಗುತ್ತದೆ, ನನ್ನ ಕೈಯ 200 ಗ್ರಾಂಗೆ ಪೂರ್ತಿ ದಪ್ಪ ಬರುತ್ತದೆ. ಹೆಬ್ಬೆರಳು ನೋಯುವುದು ನಿಂತಿದೆ. ನಿಬ್‌ನ ತುದಿ ಒಂದು ಬದಿಗೆ ಚಪ್ಪಟೆಯಾಗುವುದು ಕಂಡರೆ ಬದಲಿಸುತ್ತೇನೆ, ಶೀಟ್ ತೆಗೆದ ಮೇಲೆ ಒಂದೊಂದು ನಿಬ್ ಜಾಸ್ತಿ ದಿನ ಬರುತ್ತಿದೆ.