ಮಹಿಳಾ ದಿನದ ಜಿಮ್ ಆಫರ್: ಅರ್ಧ ಬೆಲೆಯೋ, ನಿಲ್ಲಿಸಿ ಮುಂದುವರಿಸುವ ಅವಕಾಶವೋ?

ಕಾಸರಗೋಡಿನಲ್ಲಿ ಹೆಂಗಸರ ಜಿಮ್ ನಡೆಸುವವರು ಮಾರ್ಚ್ 8ರ ಪೋಸ್ಟಿಗೆ ಎರಡರಲ್ಲಿ ಒಂದನ್ನು ಆರಿಸಬಹುದು. ವರ್ಷದ ಫೀಸಿಗೆ ಅರ್ಧ ಬೆಲೆ. ಇಲ್ಲವೇ ಮೂರು ತಿಂಗಳ ಪೂರ್ತಿ ಫೀಸು, ಆದರೆ ಬೇಕಾದಾಗ ನಿಲ್ಲಿಸಿ ಮುಂದುವರಿಸುವ ಅವಕಾಶ.

ತಿಂಗಳಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳೋಣ. ವರ್ಷದ 12,000 ಅರ್ಧಕ್ಕಿಳಿದರೆ 6,000. ಮೂರು ತಿಂಗಳು ಬಂದು ಬಿಟ್ಟವರಿಗೆ ತಿಂಗಳಿಗೆ 2,000 ಬಿತ್ತು, ರಿಯಾಯಿತಿ ಎಲ್ಲಿ ಹೋಯ್ತು? ಎರಡನೆಯದರಲ್ಲಿ 3,000ಕ್ಕೆ 90 ದಿನ. 30 ದಿನ ಬಂದು ಮಗಳ ಪರೀಕ್ಷೆಗೆಂದು ನಿಲ್ಲಿಸಿದರೂ 60 ದಿನ ಹಾಗೇ ಉಳಿಯುತ್ತದೆ.

ನಮ್ಮೂರಿಗೆ ಇದು ಜಾಸ್ತಿ ಹೊಂದುತ್ತದೆ. ಮಾರ್ಚ್ ಎಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ. 2026ರಲ್ಲಿ ಮಾರ್ಚ್ 8 ರಂಜಾನ್ ತಿಂಗಳಲ್ಲೇ ಬರುತ್ತದೆ. ಉಪವಾಸ ಇರುವವರಿಗೆ ಅಂದೇ ದಿನ ಎಣಿಸಲು ಶುರು ಮಾಡಿದರೆ ಆಫರ್ ಸುಮ್ನೆ ಕರಗುತ್ತದೆ. ಹಾಗಾಗಿ ಈಗ ಸೇರಿದವರಿಗೆ ಏಪ್ರಿಲ್ ಕೊನೆಯೊಳಗೆ ಯಾವಾಗ ಬೇಕಾದರೂ ಶುರು ಮಾಡಲು ಬಿಡಿ.

ಮಿತಿ ಹಾಕದಿದ್ದರೆ ಮಾತ್ರ ಜಗಳ ಬರುತ್ತದೆ. ಎರಡು ಸಲ ನಿಲ್ಲಿಸಬಹುದು, ಒಟ್ಟು ಆರು ತಿಂಗಳೊಳಗೆ ಮುಗಿಸಬೇಕು, ನಿಲ್ಲಿಸುವ ದಿನ ವಾಟ್ಸಾಪ್‌ನಲ್ಲಿ ತಿಳಿಸಬೇಕು ಎಂದು ಪೋಸ್ಟಿನಲ್ಲೇ ಬರೆಯಿರಿ.

ಅರ್ಧ ಬೆಲೆಯನ್ನು ಆಗಲೇ ವರ್ಷವಿಡೀ ಬರುತ್ತಿರುವ ಹಳಬರಿಗೆ ಕೊಡಿ. ಅವರಿಗೆ ಅದು ನಿಜವಾದ ಉಳಿತಾಯ. ಹೊಸಬರ ಪೋಸ್ಟಿಗೆ ‘ನಾರಿ ಶಕ್ತಿ’ ಘೋಷಣೆ ಬೇಡ, ಮೊದಲ ಸಾಲು ಹೀಗಿರಲಿ: “90 ದಿನ, 3,000 ರೂಪಾಯಿ. ಮನೆಯಲ್ಲಿ ಕೆಲಸ ಬಂದರೆ ನಿಲ್ಲಿಸಿ, ದಿನ ಕಳೆಯುವುದಿಲ್ಲ.” ಕೆಳಗೆ ಮಲಯಾಳದಲ್ಲೂ ಅದೇ ಸಾಲು, ಹೆಂಗಸು ತರಬೇತುದಾರರು ಇರುವ ಸಮಯ.